ಎಂಡೋಮೆಂಟ್ ಪಾಲಿಸಿಯಿಂದ ವರ್ಷಕ್ಕೆ ನಿಜವಾಗಿ ಎಷ್ಟು ಪರ್ಸೆಂಟ್ ಬಂತು? ಮನೆಯಲ್ಲೇ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

2024ರ ಜೂನ್ ಕೊನೆಯಲ್ಲಿ ನಮ್ಮ ಸೋದರಮಾವ ಫೋನ್ ಮಾಡಿದರು. ವಿಮೆಯ ಜೊತೆ ಉಳಿತಾಯವೂ ಇರುವ ಇಪ್ಪತ್ತು ವರ್ಷದ ಎಂಡೋಮೆಂಟ್ ಪಾಲಿಸಿ ಮುಗಿದು ಬ್ಯಾಂಕ್ ಖಾತೆಗೆ ದುಡ್ಡು ಬಂದಿತ್ತು. "ಕಟ್ಟಿದ್ದು ಮೂರು ಲಕ್ಷ, ಬಂದದ್ದು ಐದು ಲಕ್ಷದ ಎಪ್ಪತ್ತೊಂಬತ್ತು ಸಾವಿರ. ಹತ್ತಿರ ಹತ್ತಿರ ಡಬಲ್ ಆಯ್ತು ಕಣೋ. ಇದನ್ನೇ ಇನ್ನೊಂದು ಪಾಲಿಸಿಗೆ ಹಾಕು ಅಂತಿದ್ದಾರೆ ಏಜೆಂಟು, ಏನ್ ಮಾಡ್ಲಿ?" ಅಂದರು.

ಡಬಲ್ ಆಯಿತು ಅನ್ನುವ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದರಿಂದ ವರ್ಷಕ್ಕೆ ಎಷ್ಟು ಪರ್ಸೆಂಟ್ ಸಿಕ್ಕಿತು ಅಂತ ಗೊತ್ತಾಗುವುದಿಲ್ಲ. ಅದು ಗೊತ್ತಾಗದೆ ಎಫ್‌ಡಿಯ ಜೊತೆ, ಪಿಪಿಎಫ್ ಜೊತೆ ಹೋಲಿಸುವುದು ಹೇಗೆ? ಮುಂದಿನ ಭಾನುವಾರ ಮಾವನ ಮನೆಗೆ ಹೋದೆ. ಬೀರುವಿನಿಂದ ಪ್ಲಾಸ್ಟಿಕ್ ಕವರ್‌ನಲ್ಲಿದ್ದ ಬಾಂಡ್ ತೆಗೆದರು. ಅದರ ಜೊತೆ ಇಪ್ಪತ್ತು ರಸೀದಿ, ಹಳೆಯವಕ್ಕೆ ಹೊಡೆದಿದ್ದ ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಂದು ಬಣ್ಣ ಹತ್ತಿತ್ತು. ಅವನ್ನೆಲ್ಲ ಊಟದ ಟೇಬಲ್ ಮೇಲೆ ಹರಡಿಕೊಂಡು ಮಾಡಿದ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮ ಪಾಲಿಸಿಯ ಅಂಕಿ ಹಾಕಿಕೊಂಡು ಹಾಗೇ ಮಾಡಿ ನೋಡಬಹುದು.

## ಮೊದಲು ಬೇಕಾಗುವುದು ಮೂರೇ ವಿಷಯ

ಯಾವ ತಾರೀಖಿಗೆ ಎಷ್ಟು ಕಟ್ಟಿದಿರಿ, ಯಾವ ತಾರೀಖಿಗೆ ಎಷ್ಟು ಬಂತು, ನಡುವೆ ಏನಾದರೂ ಬಂದಿತ್ತಾ. ಇಷ್ಟೇ ಸಾಕು. ಬೋನಸ್ ದರ, ಏಜೆಂಟ್ ಕಮಿಷನ್, ಕಂಪನಿಯ ಖರ್ಚು ಯಾವುದೂ ಈ ಲೆಕ್ಕಕ್ಕೆ ಬೇಡ. ಅವೆಲ್ಲ ಕಳೆದು ಉಳಿದದ್ದೇ ನಿಮ್ಮ ಕೈಗೆ ಬಂದಿರುತ್ತದೆ.

ಕಟ್ಟಿದ ಮೊತ್ತವನ್ನು ರಸೀದಿಯಿಂದಲೇ ತೆಗೆದುಕೊಳ್ಳಿ, ಬಾಂಡ್‌ನಿಂದ ಬೇಡ. ಬಾಂಡ್‌ನಲ್ಲಿ ಇರುವುದು ಬರಿ ಪ್ರೀಮಿಯಂ. ನೀವು ಕೊಟ್ಟದ್ದು ತೆರಿಗೆ ಸೇರಿಸಿ. 2017ರ ಜುಲೈಯಿಂದ ಎಂಡೋಮೆಂಟ್ ಪ್ರೀಮಿಯಂ ಮೇಲೆ ಮೊದಲ ವರ್ಷ 4.5%, ಎರಡನೇ ವರ್ಷದಿಂದ 2.25% ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಗೆ ಅದು ಸೊನ್ನೆ ಆಗಿದೆ. ಅಷ್ಟು ವರ್ಷ ಕೊಟ್ಟ ಆ ತೆರಿಗೆ ನಿಮ್ಮ ಜೇಬಿನಿಂದಲೇ ಹೋದದ್ದು, ಅದು ಲೆಕ್ಕಕ್ಕೆ ಬರಲೇಬೇಕು. ರಸೀದಿ ಕಳೆದುಹೋಗಿದ್ದರೆ ಚಿಂತೆ ಬೇಡ. ಕಂಪನಿಯ ವೆಬ್‌ಸೈಟಿನಲ್ಲಿ ಲಾಗಿನ್ ಆದರೆ ಕಟ್ಟಿದ ಪ್ರೀಮಿಯಂಗಳ ಪಟ್ಟಿ ಸಿಗುತ್ತದೆ. ಅಲ್ಲಿ ಹಳೆಯ ವರ್ಷಗಳು ಕಾಣದಿದ್ದರೆ ಬ್ರಾಂಚ್‌ನಲ್ಲಿ ಕೇಳಿ.

ತಡವಾಗಿ ಕಟ್ಟಿದ್ದಕ್ಕೆ ಕೊಟ್ಟ ದಂಡದ ಬಡ್ಡಿಯನ್ನು ಬೇರೆ ಇಡಿ. ಅದು ಪಾಲಿಸಿಯ ತಪ್ಪಲ್ಲ. ಪಾಲಿಸಿ ಮೇಲೆ ಸಾಲ ತೆಗೆದಿದ್ದರೆ ಇನ್ನೂ ಹುಷಾರಾಗಿರಿ. ಮೆಚ್ಯೂರಿಟಿಯಲ್ಲಿ ಸಾಲ ಮತ್ತು ಬಡ್ಡಿ ಕಳೆದು ಉಳಿದದ್ದು ಮಾತ್ರ ಖಾತೆಗೆ ಬರುತ್ತದೆ. ಬ್ಯಾಂಕ್ ಪಾಸ್‌ಬುಕ್ ನೋಡಿ ಆ ಮೊತ್ತ ಬರೆದುಕೊಂಡರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಕಳೆಯುವ ಮೊದಲಿನ ಒಟ್ಟು ಮೊತ್ತ ತೆಗೆದುಕೊಳ್ಳಬೇಕು.

ಮಾವನ ಪಾಲಿಸಿ ಹೀಗಿತ್ತು. ವಿಮಾ ಮೊತ್ತ, ಅಂದರೆ ಸಮ್ ಅಶ್ಯೂರ್ಡ್, 3,00,000. ಶುರುವಾದದ್ದು 28 ಜೂನ್ 2004. ಅವಧಿ 20 ವರ್ಷ. ವರ್ಷಕ್ಕೊಂದು ಕಂತು. ರಸೀದಿಗಳಲ್ಲಿ ತೆರಿಗೆಯಿಂದಾಗಿ ಒಂದೆರಡು ನೂರು ರೂಪಾಯಿ ಹೆಚ್ಚುಕಮ್ಮಿ ಇತ್ತು, ಇಲ್ಲಿ ಓದಲು ಸುಲಭವಾಗಲಿ ಅಂತ ಎಲ್ಲಾ ವರ್ಷಕ್ಕೂ 15,000 ಅಂತ ಹಿಡಿಯುತ್ತೇನೆ. 28 ಜೂನ್ 2024ಕ್ಕೆ ಬಂದದ್ದು 5,79,000.

ಇಲ್ಲಿ ಒಂದು ಸಣ್ಣ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಕೊನೆಯ ಕಂತು ಕಟ್ಟಿದ್ದು 2024ರಲ್ಲಲ್ಲ, 2023ರ ಜೂನ್‌ನಲ್ಲಿ. ಮೊದಲ ಕಂತನ್ನು ಪಾಲಿಸಿ ಶುರುವಾದ ದಿನವೇ ಕಟ್ಟಿರುತ್ತೇವೆ, ಹಾಗಾಗಿ ಇಪ್ಪತ್ತನೇ ಕಂತು ಮುಗಿದು ಒಂದು ವರ್ಷ ಕಾದ ಮೇಲೆ ದುಡ್ಡು ಬರುತ್ತದೆ. ಕಂತು ಇಪ್ಪತ್ತೇ, ಇಪ್ಪತ್ತೊಂದಲ್ಲ.

## ಸುಮ್ನೆ ಭಾಗಿಸಿದರೆ ಯಾಕೆ ಉತ್ತರ ಸಿಗುವುದಿಲ್ಲ

ಮಾವ ಮೊದಲು ಮಾಡಿದ ಲೆಕ್ಕ ಇದು. ಲಾಭ 2,79,000. ಕಟ್ಟಿದ 3,00,000ಕ್ಕೆ ಅದು 93%. ಇಪ್ಪತ್ತು ವರ್ಷಕ್ಕೆ ಭಾಗಿಸಿದರೆ 4.65%. "ಅಷ್ಟು ಕಡಿಮೆಯಾ?" ಅಂದರು. ಇದು ತಪ್ಪು, ಮತ್ತು ಪಾಲಿಸಿಗೆ ಅನ್ಯಾಯ ಮಾಡುವ ತಪ್ಪು. ಯಾಕಂದರೆ ಮೂರು ಲಕ್ಷವೂ ಇಪ್ಪತ್ತು ವರ್ಷ ಕಂಪನಿಯ ಹತ್ತಿರ ಇರಲಿಲ್ಲ. ಮೊದಲ 15,000 ಮಾತ್ರ ಇಪ್ಪತ್ತು ವರ್ಷ ಇತ್ತು. ಎರಡನೆಯದು ಹತ್ತೊಂಬತ್ತು. ಕೊನೆಯದು ಒಂದೇ ವರ್ಷ. ಸರಾಸರಿ ತೆಗೆದರೆ ಒಂದೊಂದು ಕಂತು ಹತ್ತೂವರೆ ವರ್ಷ ಅಲ್ಲಿತ್ತು.

ಏಜೆಂಟ್ ಇದೇ ಎಳೆ ಹಿಡಿದು ಇನ್ನೊಂದು ಲೆಕ್ಕ ತೋರಿಸಿದ್ದರು. 93ನ್ನು ಹತ್ತೂವರೆಯಿಂದ ಭಾಗಿಸಿದರೆ 8.86%. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಇದು ಸರಳ ಬಡ್ಡಿಯ ಅಂಕಿ. ಬ್ಯಾಂಕು, ಪೋಸ್ಟ್ ಆಫೀಸು, ಪಿಪಿಎಫ್ ಹೇಳುವುದೆಲ್ಲ ಚಕ್ರಬಡ್ಡಿಯ ಅಂಕಿ, ಅಲ್ಲಿ ಬಡ್ಡಿಗೂ ಬಡ್ಡಿ ಸೇರುತ್ತದೆ. ಸರಳ ಬಡ್ಡಿಯ 8.86ನ್ನು ಪಿಪಿಎಫ್‌ನ 7.1ರ ಪಕ್ಕ ಇಟ್ಟು ನಮ್ಮದೇ ಜಾಸ್ತಿ ಅನ್ನುವುದು ಸರಿಯಲ್ಲ. ಸೇರಿನ ಅಳತೆಯನ್ನು ಕಿಲೋ ಜೊತೆ ಹೋಲಿಸಿದ ಹಾಗಾಗುತ್ತದೆ.

ನಮಗೆ ಬೇಕಾದ ಪ್ರಶ್ನೆ ಬೇರೆ. ಇದೇ ತಾರೀಖುಗಳಲ್ಲಿ ಇದೇ 15,000ವನ್ನು ಒಂದು ಬ್ಯಾಂಕ್ ಖಾತೆಗೆ ಹಾಕುತ್ತಾ ಹೋಗಿದ್ದರೆ, ಆ ಖಾತೆ ವರ್ಷಕ್ಕೆ ಎಷ್ಟು ಚಕ್ರಬಡ್ಡಿ ಕೊಟ್ಟಿದ್ದರೆ 28 ಜೂನ್ 2024ಕ್ಕೆ ಸರಿಯಾಗಿ 5,79,000 ಆಗುತ್ತಿತ್ತು? ಆ ದರವೇ ಪಾಲಿಸಿಯ ನಿಜವಾದ ವಾರ್ಷಿಕ ರಿಟರ್ನ್. ಹಣಕಾಸಿನವರು ಇದಕ್ಕೆ ಐಆರ್‌ಆರ್ ಅನ್ನುತ್ತಾರೆ.

## ಕಾಗದದ ಮೇಲೆ ಲೆಕ್ಕ

ಕಂಪ್ಯೂಟರ್ ಇಲ್ಲದಿದ್ದರೂ ಹತ್ತಿರದ ಉತ್ತರ ಸಿಗುತ್ತದೆ. ಬಂದ ಮೊತ್ತವನ್ನು ಒಂದು ವರ್ಷದ ಕಂತಿನಿಂದ ಭಾಗಿಸಿ. ಮಾವನದು 5,79,000 ÷ 15,000 = 38.6. ಈ ಅಂಕಿಯನ್ನು ಕೆಳಗಿನ ಪಟ್ಟಿಯಲ್ಲಿ ನಿಮ್ಮ ಅವಧಿಯ ಕಾಲಂನಲ್ಲಿ ಹುಡುಕಿ.

| ವಾರ್ಷಿಕ ದರ | 15 ವರ್ಷ | 20 ವರ್ಷ | 25 ವರ್ಷ |
|---|---|---|---|
| 4% | 20.8 | 31.0 | 43.3 |
| 5% | 22.7 | 34.7 | 50.1 |
| 6% | 24.7 | 39.0 | 58.2 |
| 7% | 26.9 | 43.9 | 67.7 |
| 8% | 29.3 | 49.4 | 79.0 |

ಇಪ್ಪತ್ತು ವರ್ಷದ ಕಾಲಂನಲ್ಲಿ 38.6 ಅನ್ನುವುದು 34.7 ಮತ್ತು 39.0ರ ನಡುವೆ ಬರುತ್ತದೆ, 39ಕ್ಕೆ ತೀರಾ ಹತ್ತಿರ. ಅಂದರೆ ಆರು ಪರ್ಸೆಂಟ್‌ಗೆ ಕೂದಲೆಳೆಯಷ್ಟು ಕಡಿಮೆ. ಇಷ್ಟೇ ಲೆಕ್ಕ. ಮಾವ ಇದನ್ನು ನೋಡಿ ಅತ್ತೆಯ ಹದಿನೈದು ವರ್ಷದ ಪಾಲಿಸಿಯ ಬಾಂಡೂ ತಂದು, ಕೊನೆಗೆ ಬರಬಹುದಾದ ಮೊತ್ತವನ್ನು ತಾವೇ ಭಾಗಿಸಿ ನೋಡಿದರು.

ಈ ಪಟ್ಟಿ ನಡೆಯುವುದು ವರ್ಷಕ್ಕೊಂದೇ ಕಂತು, ಎಲ್ಲಾ ವರ್ಷವೂ ಒಂದೇ ಮೊತ್ತ, ಕೊನೆಯಲ್ಲಿ ಒಂದೇ ಸಲ ದುಡ್ಡು ಬಂದಿದ್ದರೆ ಮಾತ್ರ.

## ಸ್ಪ್ರೆಡ್‌ಶೀಟ್‌ನಲ್ಲಿ ಒಂದೇ ಸಾಲಿನ ಲೆಕ್ಕ

ಮೊಬೈಲ್‌ನ ಗೂಗಲ್ ಶೀಟ್ಸ್ ಆದರೂ ಸಾಕು, ಎಕ್ಸೆಲ್ ಆದರೂ ಸರಿ. ಖಾಲಿ ಮನೆಯೊಂದರಲ್ಲಿ ಹೀಗೆ ಟೈಪ್ ಮಾಡಿ:

```
=RATE(20, -15000, 0, 579000, 1)
```

20 ಅಂದರೆ ಕಂತುಗಳ ಸಂಖ್ಯೆ. 15,000ದ ಹಿಂದೆ ಮೈನಸ್, ಯಾಕಂದರೆ ದುಡ್ಡು ನಮ್ಮ ಕೈಯಿಂದ ಹೋಗಿದೆ. ಸೊನ್ನೆ ಅಂದರೆ ಶುರುವಿನಲ್ಲಿ ಬೇರೆ ದೊಡ್ಡ ಮೊತ್ತ ಹಾಕಿಲ್ಲ. ಆಮೇಲೆ ಬಂದ ಮೊತ್ತ. ಕೊನೆಯ 1 ಅಂದರೆ ಕಂತು ಪ್ರತಿ ವರ್ಷದ ಶುರುವಿನಲ್ಲೇ ಕಟ್ಟಿದ್ದು.

ಉತ್ತರ 5.91%. ಮನೆಯಲ್ಲಿ ಬರಿ 6% ಅಂತ ಕಂಡರೆ ದಶಮಾಂಶದ ಸ್ಥಾನಗಳನ್ನು ಹೆಚ್ಚಿಸಿಕೊಳ್ಳಿ.

ಆ ಕೊನೆಯ 1 ಮರೆತರೆ ಸ್ಪ್ರೆಡ್‌ಶೀಟ್ ಯಾವ ತಕರಾರೂ ಮಾಡುವುದಿಲ್ಲ. ಕಂತನ್ನು ವರ್ಷದ ಕೊನೆಯಲ್ಲಿ ಕಟ್ಟಿದ್ದು ಅಂದುಕೊಂಡು ಸುಮಾರು 6.45% ಅಂತ ತೋರಿಸುತ್ತದೆ. ಅರ್ಧ ಪರ್ಸೆಂಟ್ ಸುಮ್ನೆ ಜಾಸ್ತಿ. ಯಾರಾದರೂ ಮಾಡಿಕೊಟ್ಟ ಲೆಕ್ಕ ನಿಮ್ಮ ಕೈಗೆ ಬಂದರೆ ಮೊದಲು ನೋಡಬೇಕಾದ ಜಾಗ ಇದೇ.

ಉತ್ತರ ಸರಿಯಾ ಅಂತ ತಿರುಗಿಸಿ ನೋಡಬಹುದು. 5.91%ರಲ್ಲಿ ಮೊದಲ 15,000 ಇಪ್ಪತ್ತು ವರ್ಷಕ್ಕೆ ಸುಮಾರು 47,300 ಆಗುತ್ತದೆ. 2013ರಲ್ಲಿ ಕಟ್ಟಿದ ಹತ್ತನೇ ಕಂತು ಹನ್ನೊಂದು ವರ್ಷಕ್ಕೆ ಸುಮಾರು 28,200. ಕೊನೆಯದು ಒಂದೇ ವರ್ಷದಲ್ಲಿ 15,900ರ ಹತ್ತಿರ. ಹೀಗೆ ಇಪ್ಪತ್ತನ್ನೂ ಕೂಡಿದರೆ 5,79,000 ಬರುತ್ತದೆ, ಇನ್ನೂರು ಮುನ್ನೂರು ರೂಪಾಯಿ ಆಚೀಚೆ. ಮಾವನಿಗೆ ನಂಬಿಕೆ ಬಂದದ್ದು ಇದನ್ನು ಕ್ಯಾಲ್ಕುಲೇಟರ್‌ನಲ್ಲಿ ಕೂಡಿದ ಮೇಲೆಯೇ.

## ಕಂತು ಏರುಪೇರಾಗಿದ್ದರೆ XIRR

ತೆರಿಗೆ ಸೇರಿ ಕಂತು ಬದಲಾಗಿದ್ದರೆ, ಮೂರು ತಿಂಗಳಿಗೊಮ್ಮೆ ಕಟ್ಟುತ್ತಿದ್ದರೆ, ಅಥವಾ ಮನಿ ಬ್ಯಾಕ್ ಪಾಲಿಸಿಯ ಹಾಗೆ ನಡುವೆ ದುಡ್ಡು ಬಂದಿದ್ದರೆ ಈ ದಾರಿ ಹಿಡಿಯಬೇಕು. A ಕಾಲಂನಲ್ಲಿ ತಾರೀಖು, B ಕಾಲಂನಲ್ಲಿ ಮೊತ್ತ. ಕಟ್ಟಿದ್ದಕ್ಕೆಲ್ಲ ಮೈನಸ್, ಬಂದದ್ದಕ್ಕೆ ಬರಿ ಅಂಕಿ. ಮಾವನದರಲ್ಲಿ 2ನೇ ಸಾಲಿನಿಂದ 21ನೇ ಸಾಲಿನವರೆಗೆ ಕಂತುಗಳು, 22ನೇ ಸಾಲಿನಲ್ಲಿ ಮೆಚ್ಯೂರಿಟಿ:

```
=XIRR(B2:B22, A2:A22)
```

ಇದೂ 5.91%ರ ಹತ್ತಿರವೇ ಬರಬೇಕು. XIRR ದಿನಗಳನ್ನು ಎಣಿಸಿ 365ರಿಂದ ಭಾಗಿಸುವುದರಿಂದ ಎರಡನೇ ದಶಮಾಂಶದಲ್ಲಿ ಒಂದಂಕಿ ಹೆಚ್ಚುಕಮ್ಮಿ ಆಗಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇನ್ನೊಂದು ಅನುಕೂಲ ಏನಂದರೆ ಕಂತು ತಿಂಗಳಿಗೊಂದಿದ್ದರೂ XIRR ಕೊಡುವುದು ವರ್ಷದ ದರವನ್ನೇ. RATEನಲ್ಲಿ ತಿಂಗಳ ಕಂತು ಹಾಕಿದರೆ ತಿಂಗಳ ದರ ಬರುತ್ತದೆ, ಅದನ್ನು ಮತ್ತೆ ವರ್ಷಕ್ಕೆ ಬದಲಾಯಿಸುವ ಗೋಜು.

ಕೈಕೊಡುವುದು ಸಾಮಾನ್ಯವಾಗಿ ತಾರೀಖು. ಶೀಟ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಅದು ತಿಂಗಳನ್ನು ಮೊದಲು ಓದುತ್ತದೆ. 28/06/2004 ಅಂತ ಹಾಕಿದರೆ 28ನೇ ತಿಂಗಳು ಇಲ್ಲವಲ್ಲ, ಅದನ್ನು ಬರಿ ಅಕ್ಷರ ಅಂತ ಇಟ್ಟುಕೊಂಡು ಆಮೇಲೆ #VALUE! ತೋರಿಸುತ್ತದೆ. ಇದಾದರೂ ವಾಸಿ, ತಪ್ಪು ಕಣ್ಣಿಗೆ ಬೀಳುತ್ತದೆ. 05/06/2004 ಅಂತ ಹಾಕಿದರೆ ಜೂನ್ 5ನ್ನು ಸದ್ದಿಲ್ಲದೆ ಮೇ 6 ಮಾಡಿಕೊಳ್ಳುತ್ತದೆ. ಅಕ್ಷರವಾಗಿ ಉಳಿದದ್ದನ್ನು ಕಂಡುಹಿಡಿಯುವುದು ಸುಲಭ. ತಾರೀಖು ಅಂತ ಓದಿಕೊಂಡದ್ದು ಮನೆಯ ಬಲಕ್ಕೆ ಅಂಟಿಕೊಳ್ಳುತ್ತದೆ, ಅಕ್ಷರ ಎಡಕ್ಕೆ. ದಿನ ತಿಂಗಳು ಅದಲುಬದಲಾದದ್ದು ಮಾತ್ರ ಹೀಗೆ ಗೊತ್ತಾಗುವುದಿಲ್ಲ. ಕಂಪ್ಯೂಟರ್‌ನಲ್ಲಿ ಗೂಗಲ್ ಶೀಟ್ಸ್ ತೆರೆದು File, Settings, Locale ಅಂತ ಹೋಗಿ India ಆರಿಸಿದರೆ ಈ ತೊಂದರೆ ಇರುವುದಿಲ್ಲ. ತಾರೀಖು ಹಾಕುವ ಮೊದಲೇ ಇದನ್ನು ಮಾಡಿಕೊಳ್ಳಿ.

#NUM! ಅಂತ ಬಂದರೆ ಮೈನಸ್ ಹಾಕುವುದು ಮರೆತಿದ್ದೀರಿ ಅಂತಲೇ ಮೊದಲು ಅನುಮಾನ ಪಡಿ. ಎಲ್ಲಾ ಅಂಕಿಯೂ ಪ್ಲಸ್ ಆಗಿದ್ದರೆ ದುಡ್ಡು ಹೋಗಿದ್ದು ಯಾವಾಗ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

## ಆರು ಪರ್ಸೆಂಟ್ ಯಾಕೆ ಬಂತು

ಮಾವನಿಗೆ ಇದೇ ಅರ್ಥವಾಗಲಿಲ್ಲ. "ಪ್ರತಿ ವರ್ಷ ಬೋನಸ್ ಕೊಡ್ತಿದ್ರಲ್ಲ?" ಅಂದರು. ಕೊಡುತ್ತಿದ್ದರು, ಸಾವಿರ ರೂಪಾಯಿ ವಿಮಾ ಮೊತ್ತಕ್ಕೆ ಸರಾಸರಿ 44 ರೂಪಾಯಿಯಂತೆ. ಮೂರು ಲಕ್ಷಕ್ಕೆ ವರ್ಷಕ್ಕೆ 13,200. ಇಪ್ಪತ್ತು ವರ್ಷಕ್ಕೆ 2,64,000. ಕೊನೆಯಲ್ಲಿ ಅಂತಿಮ ಹೆಚ್ಚುವರಿ ಬೋನಸ್ 15,000. ಇವಕ್ಕೆ ವಿಮಾ ಮೊತ್ತ 3,00,000 ಸೇರಿಸಿ, 5,79,000 ಆಯಿತು.

15,000 ಕಟ್ಟಿದ ವರ್ಷವೇ 13,200 ಬೋನಸ್ ಅಂದರೆ ಯಾರಿಗಾದರೂ ಖುಷಿಯಾಗುತ್ತದೆ. ಆದರೆ ಆ ಬೋನಸ್ ಕೈಗೆ ಬರುವುದಿಲ್ಲ, ಪುಸ್ತಕದಲ್ಲಿ ಬರೆದಿಡುತ್ತಾರೆ. ಮೊದಲ ವರ್ಷ ಬರೆದಿಟ್ಟ 13,200 ಹತ್ತೊಂಬತ್ತು ವರ್ಷ ಆದ ಮೇಲೂ 13,200ವೇ. ಅದಕ್ಕೆ ಬಡ್ಡಿ ಇಲ್ಲ, ಅದರ ಮೇಲೆ ಬೋನಸ್ ಇಲ್ಲ, ಮುಂದಿನ ವರ್ಷದ ಬೋನಸ್ ಮತ್ತೆ ಅದೇ ಮೂರು ಲಕ್ಷದ ಮೇಲೆ. ಚಕ್ರಬಡ್ಡಿ ತನ್ನ ಬಲ ತೋರಿಸುವುದೇ ಕೊನೆಯ ಏಳೆಂಟು ವರ್ಷದಲ್ಲಿ, ಈ ಬಗೆಯ ಪಾಲಿಸಿಯಲ್ಲಿ ಆ ವರ್ಷಗಳಲ್ಲೂ ಮೊದಲಿನಷ್ಟೇ ಬೋನಸ್ ಸೇರುತ್ತಾ ಹೋಗುತ್ತದೆ. ಸಾವಿರಕ್ಕೆ 44 ಅನ್ನುವುದನ್ನು 4.4% ಬಡ್ಡಿ ಅಂತಲೂ ಓದಬೇಡಿ. ಅದು ನೀವು ಕಟ್ಟಿದ ದುಡ್ಡಿನ ಮೇಲಲ್ಲ, ವಿಮಾ ಮೊತ್ತದ ಮೇಲೆ.

ಹೊಸ ಪಾಲಿಸಿ ಮಾರುವಾಗ ಕೊಡುವ ಪಟ್ಟಿಯಲ್ಲಿ 4% ಮತ್ತು 8% ಅಂತ ಎರಡು ಕಾಲಂ ಇರುತ್ತವಲ್ಲ, ಅಲ್ಲೂ ಇದೇ ಗೊಂದಲ. ಕಂಪನಿ ತನ್ನ ಹೂಡಿಕೆಯಲ್ಲಿ ಅಷ್ಟು ಗಳಿಸಿದರೆ ಅನ್ನುವ ಊಹೆ ಅದು. ಖರ್ಚು, ಕಮಿಷನ್, ವಿಮೆಯ ವೆಚ್ಚ ಕಳೆದು ನಿಮಗೆ ಬರುವುದು ಅದಕ್ಕಿಂತ ಕಡಿಮೆ. 8% ಕಾಲಂನಲ್ಲಿರುವ ಮೆಚ್ಯೂರಿಟಿ ಮೊತ್ತವನ್ನೇ ಮೇಲಿನ RATEಗೆ ಹಾಕಿ ನೋಡಿ, ಉತ್ತರ 8 ಬರುವುದಿಲ್ಲ.

## ವಿಮೆಗೆ ಕೊಟ್ಟದ್ದನ್ನು ಬೇರೆ ಮಾಡಿ

ಇಪ್ಪತ್ತು ವರ್ಷ ಮಾವನಿಗೆ ಮೂರು ಲಕ್ಷದ ವಿಮೆಯೂ ಇತ್ತು. ಅದಕ್ಕೆ ಬೆಲೆ ಕಟ್ಟದೆ ಪಿಪಿಎಫ್ ಜೊತೆ ಹೋಲಿಸಿದರೆ ಪಾಲಿಸಿಗೆ ಮೋಸ. ದಾರಿ ಸುಲಭ. ಅದೇ ವಯಸ್ಸಿಗೆ, ಅದೇ ಅವಧಿಗೆ, ಅದೇ ಮೂರು ಲಕ್ಷಕ್ಕೆ ಉಳಿತಾಯವಿಲ್ಲದ ಬರಿ ಟರ್ಮ್ ಪಾಲಿಸಿ ತೆಗೆದುಕೊಂಡಿದ್ದರೆ ಎಷ್ಟು ಆಗುತ್ತಿತ್ತು ಅಂತ ನೋಡಿ ಅದನ್ನು ಕಂತಿನಿಂದ ಕಳೆಯಿರಿ. ವರ್ಷಕ್ಕೆ 1,200 ಅಂತ ಇಟ್ಟುಕೊಂಡರೆ ಉಳಿತಾಯಕ್ಕೆ ಹೋದದ್ದು 13,800.

```
=RATE(20, -13800, 0, 579000, 1)
```

ಈಗ 6.62%. ಇದು ಪಾಲಿಸಿಯ ಉಳಿತಾಯದ ಭಾಗಕ್ಕೆ ಸಿಕ್ಕ ದರ. ಈ ಇಪ್ಪತ್ತು ವರ್ಷದಲ್ಲಿ ಪಿಪಿಎಫ್ ಬಡ್ಡಿ 2011ರವರೆಗೆ 8% ಇತ್ತು, ಆಮೇಲೆ 8.8%ವರೆಗೂ ಹೋಯಿತು, 2020ರ ಏಪ್ರಿಲ್‌ನಿಂದ 7.1%. ಅದೇ 13,800 ಅಲ್ಲಿ ಹಾಕಿದ್ದರೆ ನನ್ನ ಲೆಕ್ಕದಲ್ಲಿ ಆರು ಲಕ್ಷದ ಎಪ್ಪತ್ತು ಸಾವಿರದ ಹತ್ತಿರ ಆಗುತ್ತಿತ್ತು. ಮೇಲಿನ 1,200ರಲ್ಲಿ ವಿಮೆಯೂ ಇರುತ್ತಿತ್ತು. ವ್ಯತ್ಯಾಸ ತೊಂಬತ್ತು ಸಾವಿರ.

ಮಾವನಂಥ ಪಾಲಿಸಿಯ ಮೆಚ್ಯೂರಿಟಿಗೆ ತೆರಿಗೆ ಇಲ್ಲ, ಪಿಪಿಎಫ್‌ಗೂ ಇಲ್ಲ. ಹಾಗಾಗಿ ಇವೆರಡನ್ನು ನೇರವಾಗಿ ಹೋಲಿಸಬಹುದು. ಎಫ್‌ಡಿ ಬಡ್ಡಿಗೆ ತೆರಿಗೆ ಇದೆ, ಹೋಲಿಸುವಾಗ ತೆರಿಗೆ ಕಳೆದ ದರ ತೆಗೆದುಕೊಳ್ಳಿ. 20% ಸ್ಲ್ಯಾಬ್‌ನವರಿಗೆ 7%ರ ಎಫ್‌ಡಿ ಅಂದರೆ ಸೆಸ್ ಬಿಟ್ಟು 5.6% ಅಷ್ಟೇ. ಅಲ್ಲಿ ಮಾವನ ಪಾಲಿಸಿ ಸೋತಿಲ್ಲ. ಇನ್ನು 80ಸಿಯಲ್ಲಿ ಉಳಿದ ತೆರಿಗೆಯನ್ನು ಕಂತಿನಿಂದ ಕಳೆದು ರಿಟರ್ನ್ ದೊಡ್ಡದಾಗಿ ತೋರಿಸುವವರಿದ್ದಾರೆ. ಆ ಉಳಿತಾಯ ಪಿಪಿಎಫ್‌ನಲ್ಲೂ ಸಿಗುತ್ತಿತ್ತು, ಒಂದಕ್ಕೆ ಕಳೆದರೆ ಇನ್ನೊಂದಕ್ಕೂ ಕಳೆಯಬೇಕು.

## ಬೆಲೆ ಏರಿಕೆ ಕಳೆದರೆ ಉಳಿದದ್ದು

2004ರ 15,000ಕ್ಕೆ ಇದ್ದ ಬೆಲೆ 2024ರ 15,000ಕ್ಕೆ ಇಲ್ಲ. ಇದನ್ನು ಎಲ್ಲರೂ ಬಾಯಲ್ಲಿ ಹೇಳುತ್ತೇವೆ, ಅಂಕಿಯಲ್ಲಿ ನೋಡುವುದಿಲ್ಲ. ಆದಾಯ ತೆರಿಗೆಗಾಗಿ ಸರ್ಕಾರ ಪ್ರತಿ ವರ್ಷ ವೆಚ್ಚ ಹಣದುಬ್ಬರ ಸೂಚ್ಯಂಕ ಪ್ರಕಟಿಸುತ್ತದೆ. 2001-02ಕ್ಕೆ 100 ಅಂತ ಹಿಡಿದು ಲೆಕ್ಕ. 2004-05ಕ್ಕೆ 113, 2013-14ಕ್ಕೆ 220, 2023-24ಕ್ಕೆ 348, 2024-25ಕ್ಕೆ 363. ಎಲ್ಲಾ ವರ್ಷದ ಅಂಕಿಯೂ ಒಂದೇ ಪಟ್ಟಿಯಲ್ಲಿ ಸಿಗುತ್ತದೆ.

C ಕಾಲಂನಲ್ಲಿ ಆಯಾ ವರ್ಷದ ಸೂಚ್ಯಂಕ ಹಾಕಿ. D2ರಲ್ಲಿ ಹೀಗೆ ಬರೆದು ಕೆಳಗಿನವರೆಗೆ ಎಳೆಯಿರಿ:

```
=B2*363/C2
```

ಈಗ ಪ್ರತಿ ಕಂತೂ 2024ರ ರೂಪಾಯಿಗೆ ಬದಲಾಗುತ್ತದೆ. ಮೊದಲ 15,000 ಆಗಿನ 48,186ಕ್ಕೆ ಸಮ. 2013ರದು 24,750. ಕೊನೆಯದು 15,647. ಇಪ್ಪತ್ತನ್ನೂ ಕೂಡಿದಾಗ ಬಂದದ್ದು ಸುಮಾರು 5,62,700.

ಅಂದರೆ ಮಾವ 2024ರ ಬೆಲೆಯಲ್ಲಿ ಕಟ್ಟಿದ್ದು ಮೂರು ಲಕ್ಷವಲ್ಲ, ಐದು ಲಕ್ಷದ ಅರವತ್ತಮೂರು ಸಾವಿರ. ಬಂದದ್ದು ಐದು ಲಕ್ಷದ ಎಪ್ಪತ್ತೊಂಬತ್ತು ಸಾವಿರ. ಇಪ್ಪತ್ತು ವರ್ಷಕ್ಕೆ ನಿಜವಾದ ಲಾಭ ಹದಿನಾರು ಸಾವಿರ ಚಿಲ್ಲರೆ. D ಕಾಲಂನ ಮೇಲೆ XIRR ಹಾಕಿದರೆ ವರ್ಷಕ್ಕೆ 0.23% ಸುಮಾರು.

ಮಾವ ಆ ಅಂಕಿಯನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ನನಗೂ ಬೇಜಾರಾಯಿತು. ಒಂದು ಕಂತೂ ತಪ್ಪಿಸದೆ ಕಟ್ಟಿದ್ದರು. ಇನ್ನೊಂದು ಮಾತನ್ನೂ ಹೇಳಲೇಬೇಕಿತ್ತು. ಈ ಸೂಚ್ಯಂಕ ಗ್ರಾಹಕ ಬೆಲೆ ಏರಿಕೆಯ 75% ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಪೂರ್ತಿ ಏರಿಕೆ ಹಿಡಿದರೆ ಆ ಕಾಲು ಪರ್ಸೆಂಟೂ ಉಳಿಯುವುದಿಲ್ಲ, ಮೈನಸ್‌ಗೆ ಹೋಗುತ್ತದೆ.

## ಪಾಲಿಸಿ ಇನ್ನೂ ನಡೆಯುತ್ತಿದ್ದರೆ ಲೆಕ್ಕ ಬೇರೆ

ಇದನ್ನೆಲ್ಲ ಓದಿ ಇವತ್ತೇ ಪಾಲಿಸಿ ಸರೆಂಡರ್ ಮಾಡಲು ಹೊರಡಬೇಡಿ. ಅರ್ಧಕ್ಕೆ ಬಂದಿರುವ ಪಾಲಿಸಿಗೆ ಇಲ್ಲಿಯವರೆಗೆ ಕಟ್ಟಿದ್ದು ಲೆಕ್ಕಕ್ಕೇ ಬರುವುದಿಲ್ಲ. ಇವತ್ತು ಬಿಟ್ಟರೆ ಎಷ್ಟು ಕೈಗೆ ಬರುತ್ತದೆ, ಮುಂದುವರಿಸಿದರೆ ಇನ್ನು ಎಷ್ಟು ಕಟ್ಟಬೇಕು, ಕೊನೆಗೆ ಎಷ್ಟು ಬರುತ್ತದೆ, ಇವು ಮಾತ್ರ ಮುಖ್ಯ.

ಮಾವನದೇ ಪಾಲಿಸಿಯನ್ನು ಹತ್ತು ವರ್ಷ ಮುಗಿದ ಹಂತದಲ್ಲಿ ಇಟ್ಟು ನೋಡೋಣ. ಆಗ ಸರೆಂಡರ್ ಮಾಡಿದ್ದರೆ 1,35,000 ಸಿಗುತ್ತಿತ್ತು ಅಂತ ಇಟ್ಟುಕೊಳ್ಳಿ. ಕಟ್ಟಿದ್ದ ಒಂದೂವರೆ ಲಕ್ಷಕ್ಕಿಂತ ಕಡಿಮೆ. ಮುಂದುವರಿಸುವುದು ಅಂದರೆ ಆ 1,35,000ವನ್ನು ಇವತ್ತು ಮತ್ತೆ ಅದೇ ಪಾಲಿಸಿಗೆ ಹಾಕಿದ ಹಾಗೆ, ಜೊತೆಗೆ ಇನ್ನು ಹತ್ತು ಕಂತು:

```
=RATE(10, -15000, -135000, 579000, 1)
```

ಉತ್ತರ 9.25%. ಪೂರ್ತಿ ಇಪ್ಪತ್ತು ವರ್ಷಕ್ಕೆ 5.91% ಕೊಡುವ ಪಾಲಿಸಿಯೇ ನಡುವಿನಿಂದ ಕೊನೆಯವರೆಗೆ ಒಂಬತ್ತಕ್ಕಿಂತ ಜಾಸ್ತಿ ಕೊಡುತ್ತದೆ, ಯಾಕಂದರೆ ನಷ್ಟವೆಲ್ಲ ಮೊದಲ ವರ್ಷಗಳಲ್ಲೇ ಆಗಿಹೋಗಿದೆ. ಈ ಅಂಕಿಯಲ್ಲಿ ಬಿಡುವುದು ದಡ್ಡತನ. ಅದೇ ಎರಡು ಮೂರು ವರ್ಷದ ಪಾಲಿಸಿಯಾದರೆ ಉತ್ತರ ಬೇರೆ ಬರಬಹುದು, ಅದರಲ್ಲೂ 2024ರ ಅಕ್ಟೋಬರ್ 1ರಿಂದ ಸರೆಂಡರ್ ನಿಯಮ ಬದಲಾಗಿ ಹೊಸ ಪಾಲಿಸಿಗಳಲ್ಲಿ ಬೇಗ ಬಿಟ್ಟವರಿಗೆ ಮೊದಲಿಗಿಂತ ಹೆಚ್ಚು ಸಿಗುತ್ತದೆ. ಕಂತು ನಿಲ್ಲಿಸಿ ಪೇಡ್ ಅಪ್ ಮಾಡಿಟ್ಟರೆ ಕೊನೆಗೆ ಎಷ್ಟು ಬರುತ್ತದೆ ಅಂತಲೂ ಕೇಳಿ, ಅದಕ್ಕೂ ಇದೇ ರೀತಿ ದರ ತೆಗೆಯಿರಿ. ಅಲ್ಲಿ ಕಂತಿನ ಜಾಗದಲ್ಲಿ ಸೊನ್ನೆ ಹಾಕಬೇಕು.

ಸರೆಂಡರ್ ಮೊತ್ತವನ್ನು ಏಜೆಂಟ್ ಬಾಯಿಂದ ಕೇಳಿ ಲೆಕ್ಕ ಮಾಡಬೇಡಿ. ಬ್ರಾಂಚ್‌ಗೆ ಪಾಲಿಸಿ ನಂಬರ್ ಬರೆದು ಕೊಟ್ಟು, ಆ ದಿನದ ಸರೆಂಡರ್ ಮೊತ್ತ, ಪೇಡ್ ಅಪ್ ಮೊತ್ತ, ಈವರೆಗೆ ಸೇರಿದ ಬೋನಸ್ ಮೂರನ್ನೂ ಕಾಗದದಲ್ಲಿ ಕೊಡಿ ಅಂತ ಕೇಳಿ. ಕೊನೆಗೆ ಬರುವ ಮೊತ್ತಕ್ಕೆ ಈವರೆಗಿನ ಬೋನಸ್, ಉಳಿದ ವರ್ಷಗಳಿಗೆ ಇತ್ತೀಚಿನ ಬೋನಸ್ ದರ, ಮತ್ತು ವಿಮಾ ಮೊತ್ತ ಕೂಡಿಸಿ. ಅಂತಿಮ ಹೆಚ್ಚುವರಿ ಬೋನಸ್ ಸೇರಿಸದೆ ಒಮ್ಮೆ, ಸೇರಿಸಿ ಒಮ್ಮೆ ಲೆಕ್ಕ ಹಾಕಿ. ಅದು ಖಾತ್ರಿಯ ದುಡ್ಡಲ್ಲ.

ಮಾವ ಹೊಸ ಪಾಲಿಸಿ ತೆಗೆದುಕೊಳ್ಳಲಿಲ್ಲ. ಅತ್ತೆಯ ಹದಿನೈದು ವರ್ಷದ ಪಾಲಿಸಿಗೆ ಇನ್ನು ನಾಲ್ಕು ಕಂತು ಬಾಕಿ ಇತ್ತು, ಅದಕ್ಕೂ ಇದೇ ಲೆಕ್ಕ ಹಾಕಿ ನೋಡಿ ಮುಂದುವರಿಸಿದರು.